ಆರೋ ಒಂಬತ್ತೋ

ಸಂಖ್ಯಾಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಇಬ್ಬರು ಬ್ಯಾಟ್ಸ್‌ಮನ್‌ಗಳು ಖಾಯಂ ಆಗಿ ವಾಸವಾಗಿದ್ದಾರೆ. ಒಬ್ಬ ಎ, ಇನ್ನೊಬ್ಬ ಬಿ. ಅವರಿಗೆ ಊರಿಲ್ಲ, ಮನೆಯಿಲ್ಲ, ವಯಸ್ಸೂ ಆಗುವುದಿಲ್ಲ. ಇಬ್ಬರಲ್ಲಿ ಯಾರ ಆಟದಲ್ಲಿ ಹೆಚ್ಚು ಸ್ಥಿರತೆ ಇದೆ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, ವಿದ್ಯಾರ್ಥಿಗಳು ಲೆಕ್ಕ ಮಾಡಿ ಹೇಳುತ್ತಾರೆ, ಆಮೇಲೆ ಎಲ್ಲರೂ ಮರೆಯುತ್ತಾರೆ. ತಿಪಟೂರಿನ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಈ ಪಾಠ ಮಾಡುತ್ತಾ ಬಂದಿರುವ ನನಗೆ ಆ ಇಬ್ಬರ ಮೇಲೂ ಸಿಟ್ಟಿತ್ತು. ನಾನು ಕ್ರಿಕೆಟ್ ನೋಡುವವಳಲ್ಲ. ಮನೆಯಲ್ಲಿ ಟಿ.ವಿ. ಮುಂದೆ ಯಜಮಾನರು ಕೂಗಿಕೊಂಡರೆ ನಾನು ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತೇನೆ.

ಆ ವರ್ಷ ಎ ಮತ್ತು ಬಿ ನನ್ನ ಕ್ಲಾಸಿಗೇ ಬಂದು ಕೂತರು.

ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು, ಅಂದರೆ ಎಲ್ಲರ ಬಾಯಲ್ಲಿ ಪಿ.ಡಿ. ಸರ್, ಒಂದು ದಿನ ಸ್ಟಾಫ್ ರೂಮಿಗೆ ಬಂದು ನನ್ನ ಎದುರಿನ ಕುರ್ಚಿ ಎಳೆದುಕೊಂಡರು. ತುಮಕೂರಿನಲ್ಲಿ ಅಂತರ ಕಾಲೇಜು ಪಂದ್ಯಗಳಿದ್ದವು. ತಂಡದಲ್ಲಿ ಹತ್ತು ಹೆಸರು ಆಗಿದ್ದವು, ಮೂರನೇ ಕ್ರಮಾಂಕದಲ್ಲಿ ಆಡುವವನೊಬ್ಬ ಬಾಕಿ. ಆ ಜಾಗಕ್ಕೆ ಇಬ್ಬರಿದ್ದರು. ಒಬ್ಬ ಹೊನ್ನವಳ್ಳಿಯವನು, ಇನ್ನೊಬ್ಬ ಕಂದಿಕೆರೆಯವನು. ಇಬ್ಬರೂ ನನ್ನ ಕೊನೆಯ ವರ್ಷದ ಬಿ.ಕಾಂ. ವಿದ್ಯಾರ್ಥಿಗಳು.

“ದಬದಬ ಹೊಡೆಯೋರು ನನ್ನತ್ರ ಬೇಕಾದಷ್ಟು ಜನ ಇದ್ದಾರೆ ಮೇಡಂ. ನಂಗೆ ಬೇಕಿರೋದು ನಂಬಿಕೊಂಡು ಕೂರಬಹುದಾದ ಒಬ್ಬ. ಒಂದಿನ ಬೆಟ್ಟ, ಒಂದಿನ ಗುಂಡಿ ಆಗೋನು ಬೇಡ. ನೀವು ಕ್ಲಾಸಲ್ಲಿ ಅದೇನೋ ಲೆಕ್ಕ ಮಾಡಿಸ್ತೀರಲ್ಲ, ಅದನ್ನ ಹಾಕಿ ಹೇಳ್ಬುಡಿ. ನಾನು ಆರಿಸಿದರೆ ಒಂದು ಊರಿನವರು ಬೈತಾರೆ. ಲೆಕ್ಕ ಆರಿಸಿದರೆ ಯಾರನ್ನ ಬೈತಾರೆ?”

“ನನ್ನನ್ನ,” ಎಂದೆ.

ಅವರು ನಕ್ಕು, ಅಂಕಪಟ್ಟಿಯ ಫೋಟೊವನ್ನು ನನ್ನ ಫೋನಿಗೆ ಕಳಿಸಿದರು. ಇಬ್ಬರೂ ಆಡಿದ ಐದು ಪಂದ್ಯಗಳ ರನ್ನುಗಳು ಅದರಲ್ಲಿದ್ದವು. ಐದರಲ್ಲೂ ಇಬ್ಬರೂ ಔಟಾಗಿದ್ದರು ಎಂಬುದನ್ನು ಮೊದಲೇ ಕೇಳಿಕೊಂಡೆ. ಔಟಾಗದೆ ಉಳಿದ ಆಟವಿದ್ದರೆ ಅದನ್ನು ಹೇಗೆ ಎಣಿಸಬೇಕೆಂಬ ತಕರಾರು ಬೇರೆ ಏಳುತ್ತದೆ. ಐದು ಆಟ ಬಹಳ ಕಡಿಮೆ, ಅಷ್ಟರ ಮೇಲೆ ಒಬ್ಬನ ಸ್ವಭಾವ ಹೇಳಲಾಗದು ಎಂದೂ ಅಂದೆ. “ಇಲ್ಲದಿದ್ರೆ ನಾನು ಮುಖ ನೋಡಿ ಹೇಳ್ಬೇಕು ಮೇಡಂ” ಎಂದರು. ಅದಕ್ಕಿಂತ ಐದು ಆಟ ವಾಸಿ.

ಫೋಟೊ ದೊಡ್ಡದು ಮಾಡಿ ನೋಡಿದರೆ, ರಾಮ ರಾಮಾ, ಪಟ್ಟಿಯೆಲ್ಲ ಕನ್ನಡ ಅಂಕಿಗಳಲ್ಲಿತ್ತು. ಪಂದ್ಯಗಳಿಗೆ ಸ್ಕೋರ್ ಬರೆಯುವ ಕೆಲಸವನ್ನು ಮೈಮೇಲೆ ಎಳೆದುಕೊಂಡವರು ನಮ್ಮ ಕನ್ನಡ ಅಧ್ಯಾಪಕರು. ಕಾಲೇಜಿನ ಸೂಚನಾ ಫಲಕದಲ್ಲಿ ಇಂಗ್ಲಿಷ್ ಅಂಕಿ ಕಂಡರೆ ಅವರಿಗೆ ಮೈ ಉರಿಯುತ್ತದೆ. ಹಾಗಾಗಿ ಚೆಂದವಾಗಿ ಗೆರೆ ಹೊಡೆದು, ದಪ್ಪ ಪೆನ್ನಿನಲ್ಲಿ ಬರೆದು ಫಲಕಕ್ಕೆ ಅಂಟಿಸಿದ್ದರು. ಅದನ್ನು ಯಾರೋ ಓರೆಯಾಗಿ ನಿಂತು ಫೋಟೊ ಹೊಡೆದಿದ್ದರು. ಆಮೇಲೆ ಸೂಚನಾ ಫಲಕದ ಮೇಲೆ ಪರೀಕ್ಷಾ ವೇಳಾಪಟ್ಟಿ ಬಂತು, ಪಟ್ಟಿ ಕಸದ ಬುಟ್ಟಿಗೆ ಹೋಯಿತು. ಉಳಿದದ್ದು ಫೋಟೊ ಮಾತ್ರ.

ಹತ್ತು ಆಟಗಳಲ್ಲಿ ಒಂಬತ್ತರ ರನ್ನು ಸಲೀಸಾಗಿ ಓದಿಕೊಂಡೆ. ಕಂದಿಕೆರೆಯವನ ಮೂರನೇ ಆಟದ ಹತ್ತಿರ ನಿಂತೆ. ಕೊನೆಯಲ್ಲಿ ೨ ಇರುವುದು ನಿಜ. ಅದರ ಹಿಂದಿನದು ೬ ಇರಬಹುದು, ೯ ಇರಬಹುದು. ಕನ್ನಡದಲ್ಲಿ ಈ ಎರಡಕ್ಕೂ ಇರುವ ವ್ಯತ್ಯಾಸ ಒಂದು ಕೊಂಕು ಅಷ್ಟೆ, ಆ ಕೊಂಕಿನ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಹೊಳೆಯುತ್ತಿತ್ತು. ಬೇರೆ ಯಾವ ಮನೆಯಲ್ಲೂ ಆರಿಲ್ಲ, ಒಂಬತ್ತಿಲ್ಲ, ಹೋಲಿಸಿ ನೋಡೋಣವೆಂದರೆ.

ಕನ್ನಡ ಅಧ್ಯಾಪಕರಿಗೇ ತೋರಿಸಿದೆ. ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕನ್ನಡಕ ತೆಗೆದರು.

“ಒಂಬತ್ತು ಇರಬೇಕು ಮೇಡಂ. ಆರೂ ಆಗಬಹುದು.”

“ನಿಮ್ಮದೇ ಅಕ್ಷರ ಸಾರ್!”

“ಚೀಟಿ ನೋಡಿ ಬರೆದದ್ದಲ್ಲವೇ. ಆ ಪಂದ್ಯ ಹಾಲ್ಕುರಿಕೆಯಲ್ಲಿ ನಡೀತು. ಸ್ಕೋರ್ ಪುಸ್ತಕ ಮರೆತು ಹೋಗಿದ್ದೆ, ಒಂದು ಹಾಳೆಯಲ್ಲಿ ಬರಕೊಂಡೆ. ಪಟ್ಟಿ ಮಾಡಿದ ಮೇಲೆ ಆ ಹಾಳೆಯಲ್ಲೇ ಮಂಡಕ್ಕಿ ಹಾಕಿಸಿಕೊಂಡು ತಿಂದೆವು.” ಸ್ವಲ್ಪ ಯೋಚಿಸಿ ಸೇರಿಸಿದರು, “ಖಾರ ಚೆನ್ನಾಗಿತ್ತು.”

ಇಂಥವರ ಜೊತೆ ಕೆಲಸ ಮಾಡಿ ನನ್ನ ಕೂದಲು ಬೆಳ್ಳಗಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಆಡಿದವನೇ ಕ್ಲಾಸಿನಲ್ಲಿದ್ದಾನೆ, ಅವನನ್ನೇ ಕೇಳಿದರಾಯಿತು ಎಂದುಕೊಂಡು ಎದ್ದೆ.

ಕಂದಿಕೆರೆಯ ಹುಡುಗನ ಬಗ್ಗೆ ನನಗೆ ಗೊತ್ತಿದ್ದದ್ದು ಸ್ವಲ್ಪವೇ. ಕೊನೆಯ ಬೆಂಚು, ಕಡಿಮೆ ಮಾತು. ತಂದೆ ಇಲ್ಲ, ದೊಡ್ಡಪ್ಪನ ಮನೆಯಲ್ಲಿ ಬೆಳೆದವನು. ಹಿಂದಿನ ವರ್ಷ ತುಮಕೂರಿಗೆ ಹನ್ನೆರಡನೆಯವನಾಗಿ ಹೋಗಿ, ಆಡುವವರಿಗೆ ನೀರಿನ ಬಾಟಲಿ ಹೊತ್ತು ವಾಪಸು ಬಂದಿದ್ದ. ಈ ವರ್ಷ ಕಾಲೇಜು ಮುಗಿಯುತ್ತದೆ, ಇನ್ನು ಅವಕಾಶವಿಲ್ಲ. ಹೊನ್ನವಳ್ಳಿಯವನು ಆಗಲೇ ಒಮ್ಮೆ ಆಡಿ ಬಂದಿದ್ದ. ಮುಂದಿನ ಬೆಂಚಿನಲ್ಲಿ ಕೂತು, ಕೂದಲು ತಿದ್ದಿಕೊಳ್ಳುತ್ತಾ, ನಾನು ಬೆನ್ನು ತಿರುಗಿಸಿದಾಗಲೆಲ್ಲ ಏನಾದರೊಂದು ಅಂದು ನಗಿಸುವ ಜಾತಿ.

ಆ ದಿನ ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆದೆ. ಹೊನ್ನವಳ್ಳಿ: ೫೭, ೨೫, ೭೧, ೩೭, ೫೦. ಕಂದಿಕೆರೆ: ೩೭, ೪೪, ಆಮೇಲೆ ಒಂದು ಖಾಲಿ ಮನೆ, ೩೦, ೪೭. ಪಿ.ಡಿ. ಸರ್ ಹೇಳಿದ ಮಾತನ್ನೂ ಹೇಳಿದೆ. ಯಾರ ವಿಚಲನಾ ಗುಣಾಂಕ, ಅಂದರೆ ಏರಿಳಿತದ ಅಳತೆ, ಕಡಿಮೆ ಬರುತ್ತದೋ ಅವನು ತುಮಕೂರಿಗೆ. ಕ್ಲಾಸು ಎಂದೂ ಇಲ್ಲದಷ್ಟು ಶಿಸ್ತಾಗಿ ಕ್ಯಾಲ್ಕುಲೇಟರ್ ತೆಗೆಯಿತು.

“ಮೂರನೇದು ಎಷ್ಟಪ್ಪಾ?” ಎಂದು ಕೊನೆಯ ಬೆಂಚಿಗೆ ಕೇಳಿದೆ.

ಅವನು ಎದ್ದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಪಕ್ಕದವನು ಕೂಗಿದ, “ತೊಂಬತ್ತೆರಡು ಮೇಡಂ! ಅವರೂರ ಸರ್ಕಲ್ಲಲ್ಲಿ ಫ್ಲೆಕ್ಸೇ ಹಾಕವ್ರೆ. ಅವರ ದೊಡ್ಡಪ್ಪ ಹಾಕ್ಸಿರೋದು. ಇವನ ಫೋಟೊ ಇಷ್ಟುದ್ದ, ಕೆಳಗೆ ತೊಂಬತ್ತೆರಡು ರನ್ ಅಂತ.”

“ಹೌದೇನಪ್ಪಾ?”

“ಬರ್ದಿರೋದೇ ಮೇಡಂ,” ಎಂದ ಕಂದಿಕೆರೆಯವನು ನೆಲ ನೋಡುತ್ತಾ. ಕೂತುಬಿಟ್ಟ.

ಬರೆದಿರುವುದು ಏನು ಎಂದೇ ಅಲ್ಲವೇ ನಾನು ಕೇಳಿದ್ದು? ಆದರೆ ಅಷ್ಟು ಹೊತ್ತಿಗೆ ಕ್ಲಾಸೆಲ್ಲ ತೊಂಬತ್ತೆರಡು ತೊಂಬತ್ತೆರಡು ಎಂದು ಗದ್ದಲ ಮಾಡುತ್ತಿತ್ತು. ಖಾಲಿ ಮನೆಯಲ್ಲಿ ೯೨ ಬರೆದೆ.

ಲೆಕ್ಕ ದೊಡ್ಡದಲ್ಲ. ಮೊದಲು ಸರಾಸರಿ ತೆಗೆಯಬೇಕು. ಒಂದೊಂದು ಆಟವೂ ಸರಾಸರಿಯಿಂದ ಎಷ್ಟು ದೂರವಿದೆ ನೋಡಿ, ಆ ದೂರವನ್ನು ವರ್ಗ ಮಾಡಿ, ಎಲ್ಲ ಕೂಡಿಸಿ ಐದರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಮಾನಕ ವಿಚಲನೆ. ಇಬ್ಬರ ಸರಾಸರಿಯೂ ಒಂದೇ ಆಗಿದ್ದರೆ ಅಲ್ಲಿಗೇ ನಿಲ್ಲಬಹುದಿತ್ತು. ಬೇರೆ ಬೇರೆ ಇರುವಾಗ ಅದನ್ನು ಅವರವರ ಸರಾಸರಿಯಿಂದಲೇ ಭಾಗಿಸಿ ನೂರರಿಂದ ಗುಣಿಸಬೇಕು. ಬರುವುದೇ ವಿಚಲನಾ ಗುಣಾಂಕ. ಅದು ಕಡಿಮೆಯಿದ್ದಷ್ಟೂ ಆಟ ಸ್ಥಿರ.

ಹೊನ್ನವಳ್ಳಿಯವನದು ಸರಾಸರಿ ನಲವತ್ತೆಂಟು, ಮಾನಕ ವಿಚಲನೆ ೧೫.೯, ಗುಣಾಂಕ ೩೩.೧ ಬಂತು. ಕಂದಿಕೆರೆಯವನದು ಸರಾಸರಿ ಐವತ್ತು, ಮಾನಕ ವಿಚಲನೆ ೨೧.೮, ಗುಣಾಂಕ ೪೩.೬. ಹೊನ್ನವಳ್ಳಿಯವನು ಎರಡೂ ಕೈಯೆತ್ತಿ ಬೆಂಚಿನ ಮೇಲೆ ನಿಲ್ಲುವುದೊಂದು ಬಾಕಿ.

ಕ್ಲಾಸು ನನ್ನ ಮೇಲೆ ಬಿತ್ತು. ಸರಾಸರಿ ಜಾಸ್ತಿ ಇರುವುದು ಕಂದಿಕೆರೆಯವನದು, ಅತಿ ಹೆಚ್ಚು ಹೊಡೆದವನೂ ಅವನೇ, ಅವನನ್ನೇ ಬಿಡುವುದೇ? “ಇದ್ಯಾವ ಸೀಮೆ ನ್ಯಾಯ ಮೇಡಂ?” ಎಂದಳು ಎರಡನೇ ಬೆಂಚಿನ ಹುಡುಗಿ, ನನ್ನ ಕ್ಲಾಸಿನಲ್ಲಿ ಲೆಕ್ಕ ಅರ್ಥಮಾಡಿಕೊಳ್ಳುವ ಕೆಲವರಲ್ಲಿ ಒಬ್ಬಳು. ನಾನು ಅವಳಿಗೆ ವರ್ಗಗಳ ಸಾಲು ತೋರಿಸಿದೆ. ಅವನ ಐದು ಆಟಗಳ ವರ್ಗಗಳ ಮೊತ್ತ ೨೩೭೮. ಅದರಲ್ಲಿ ೧೭೬೪ ಆ ತೊಂಬತ್ತೆರಡು ಒಂದರಿಂದಲೇ ಬಂದದ್ದು. ಉಳಿದ ನಾಲ್ಕರಲ್ಲಿ ಅವನು ಮೂವತ್ತರಿಂದ ನಲವತ್ತೇಳರ ಒಳಗೇ ಇದ್ದಾನೆ. ಅವನನ್ನು ಕೆಡಿಸಿದ್ದು ಅವನ ದೊಡ್ಡ ಆಟವೇ. ಕೇಳಿದ್ದು ಯಾರು ಹೆಚ್ಚು ಹೊಡೆದರು ಎಂದಲ್ಲ, ಯಾರು ಹೆಚ್ಚು ಏರಿಳಿಯಲಿಲ್ಲ ಎಂದು.

ಹೇಳುತ್ತಾ ಕೊನೆಯ ಬೆಂಚಿನ ಕಡೆ ನೋಡಿದೆ. ಅವನು ಆ ೯ರ ಮೇಲೇ ಕಣ್ಣಿಟ್ಟು ಕೂತಿದ್ದ. ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಅನ್ನಿಸಿತೆಂದು ಗುಣಾಂಕ ಬದಲಾಯಿಸುವ ಹಾಗಿಲ್ಲವಲ್ಲ.

ಡಸ್ಟರ್ ಕೈಗೆತ್ತಿಕೊಂಡಿದ್ದೆ. ಆಗ ಕಂದಿಕೆರೆಯವನ ಪಕ್ಕದವನು ಸ್ನೇಹಿತನನ್ನು ಸಮಾಧಾನ ಮಾಡಲಿಕ್ಕೆಂದು ಜೋರಾಗಿ ಅಂದ, “ಹೋಗ್ಲಿ ಬುಡ್ಲಾ. ಹಾಲ್ಕುರಿಕೆ ಮ್ಯಾಚು ಗೆಲ್ಸಿದ್ದು ನೀನೇ. ಇನ್ನೊಬ್ಬ ಏನ್ ಕಿಸುದ್ನೋ ಊರಿಗೆಲ್ಲ ಗೊತ್ತು.”

ಹೊನ್ನವಳ್ಳಿಯವನು ತಟ್ಟನೆ ತಿರುಗಿದ.

“ಯಾವನ್ಲಾ ಅಂದಿದ್ದು? ಹಾಲ್ಕುರಿಕೇಲಿ ಹೈಯೆಸ್ಟು ನಂದು ಕಣ್ಲಾ! ಎಪ್ಪತ್ತೊಂದು! ಫ್ಲೆಕ್ಸ್ ನೋಡಿ ನೋಡಿ ನಂಗೆ ಸಾಕಾಗೋಗಿದೆ. ಆ ಕಡೆ ನಿಂತು ಒಂದೊಂದು ರನ್ನೂ ಇವನ ಜೊತೆ ಓಡಿದ್ದೀನಿ. ಅರವತ್ತೆರಡಕ್ಕೆ ಕ್ಯಾಚ್ ಕೊಟ್ಟ ಇವ್ನು. ಅದು ಒಂಬತ್ತಲ್ಲ, ಆರು! ಕೇಳ್ರಲಾ ಅವನನ್ನೇ!”

ತಾನು ಏನು ಹೇಳಿದೆ ಎಂಬುದು ಅವನಿಗಿನ್ನೂ ಹೊಳೆದಿರಲಿಲ್ಲ. ಎರಡನೇ ಬೆಂಚಿನ ಹುಡುಗಿಗೆ ಹೊಳೆದಿತ್ತು, ಅವಳು ಆಗಲೇ ಕ್ಯಾಲ್ಕುಲೇಟರ್ ಒತ್ತುತ್ತಿದ್ದಳು.

“ನಿಜವೇನಪ್ಪಾ?” ಎಂದು ಮತ್ತೆ ಕೊನೆಯ ಬೆಂಚಿಗೆ ಕೇಳಿದೆ. “ಈ ಸಲ ಬರೆದಿರೋದು ಎಷ್ಟು ಅಂತ ಕೇಳ್ತಾ ಇಲ್ಲ. ಹೊಡೆದದ್ದು ಎಷ್ಟು?”

ಅವನು ಎದ್ದು ನಿಂತು ಬೆಂಚಿನ ಅಂಚು ಹಿಡಿದುಕೊಂಡ. ಸೀಟು ಬೇಕಿದ್ದವನು ಹಾರಿ ಹೇಳಬೇಕಿತ್ತು. ಇವನು ಒದ್ದಾಡಿದ. ನಾನು ಕಾದೆ.

“ಅರವತ್ತೆರಡು ಮೇಡಂ. ಫೋಟೊ ನಮ್ಮಣ್ಣಂಗೆ ಕಳಿಸಿದ್ದೆ. ಅವನು ತೊಂಬತ್ತೆರಡು ಅಂತ ಓದಿ ದೊಡ್ಡಪ್ಪಂಗೆ ಹೇಳ್ಬುಟ್ಟ. ನಾನು ಮನೆಗೆ ಹೋಗೋ ಅಷ್ಟರಲ್ಲಿ ಫ್ಲೆಕ್ಸ್ ಕಟ್ಟಿತ್ತು. ದೊಡ್ಡಪ್ಪ ಎಲ್ಲಾರ್ಗೂ ಕಾಫಿ ಕುಡಿಸ್ತಾ ನಿಂತಿತ್ತು.”

ಹೊನ್ನವಳ್ಳಿಯವನನ್ನು ಬೋರ್ಡಿನ ಹತ್ತಿರ ಕರೆದೆ. ಹೇಳಿದವನೇ ಲೆಕ್ಕ ಮಾಡಲಿ ಎಂದು ಚಾಕ್‌ಪೀಸ್ ಕೊಟ್ಟೆ. ಅವನು ೯ ಒರೆಸಿ ೬ ಬರೆದ. ಮೊತ್ತ ೨೨೦, ಸರಾಸರಿ ೪೪. ವರ್ಗಗಳ ಮೊತ್ತ ೫೭೮. ಅದನ್ನು ಬರೆಯುವಾಗ ಅವನ ಕೈ ನಿಧಾನವಾಯಿತು. ಐದರಿಂದ ಭಾಗಿಸಿ, ಮೂಲ ತೆಗೆದು ೧೦.೭೫ ಎಂದು ಬರೆದ. ನಲವತ್ತನಾಲ್ಕರಿಂದ ಭಾಗಿಸಿ, ನೂರರಿಂದ ಗುಣಿಸಿ, ೨೪.೪ ಬರೆದು, ತನ್ನ ೩೩.೧ರ ಕಡೆ ನೋಡಿದ.

“ನಿನ್ನ ಮಾತು ಬದಲಾಯಿಸ್ತೀಯಾ?” ಎಂದು ಕೇಳಿದೆ. ಕೇಳಬಾರದಿತ್ತೇನೋ, ಆದರೆ ಅವನೇನು ಹೇಳುತ್ತಾನೆಂದು ತಿಳಿಯಬೇಕಿತ್ತು ನನಗೆ.

“ಹೆಂಗ್ ಬದಲಾಯಿಸ್ಲಿ ಮೇಡಂ? ಬದಲಾಯಿಸಿದ್ರೆ ಹೈಯೆಸ್ಟೂ ಹೋಯ್ತದೆ,” ಎಂದ. ಕ್ಲಾಸು ಗೊಳ್ಳೆಂದು ನಕ್ಕಿತು. ಅವನೂ ನಗಲು ನೋಡಿದ, ಅಷ್ಟಾಗಿ ಬರಲಿಲ್ಲ. ಚಾಕ್‌ಪೀಸನ್ನು ನನ್ನ ಕೈಯಲ್ಲಿಟ್ಟು ಜಾಗಕ್ಕೆ ಹೋಗಿ ಕೂತ. ಅವತ್ತಿನಿಂದ ನನಗೆ ಆ ಹುಡುಗನ ಮೇಲೆ ಗೌರವ. ಅವನು ಬೆನ್ನ ಹಿಂದೆ ಅಂದ ಮಾತುಗಳನ್ನೆಲ್ಲ ಅದರಲ್ಲಿ ವಜಾ ಮಾಡಿಕೊಂಡೆ.

ಪಿ.ಡಿ. ಸರ್‌ಗೆ ಹೇಳಿದಾಗ ತಲೆ ಕೆರೆದುಕೊಂಡರು. ಈಗ ಹೊನ್ನವಳ್ಳಿಯವನ ಸರಾಸರಿ ನಾಲ್ಕು ರನ್ ಜಾಸ್ತಿಯಿದೆಯಲ್ಲ, ಸರಾಸರಿಯನ್ನೇ ನೋಡಿದರೆ ಹೇಗೆ ಎಂದರು. ನನಗೆ ರೇಗಿತು.

“ನೋಡಿ ಸಾರ್, ಸ್ಥಿರವಾಗಿ ಆಡೋನು ಬೇಕು ಅಂತ ಕೇಳಿದ್ದು ನೀವು. ಉತ್ತರ ಬಂದ ಮೇಲೆ ಪ್ರಶ್ನೆ ಬದಲಾಯಿಸೋದಾದ್ರೆ ನನ್ನನ್ನ ಯಾಕೆ ಕೇಳಿದ್ರಿ? ಜಾಸ್ತಿ ರನ್ ಬೇಕು ಅಂತ ಮೊದಲೇ ಅಂದಿದ್ರೆ ಅದಕ್ಕೆ ಲೆಕ್ಕ ಬೇರೆ ಇತ್ತು. ಅದೂ ತಪ್ಪಲ್ಲ. ಆದ್ರೆ ಅಳತೆಗೋಲು ಅಳೆಯೋಕೆ ಮುಂಚೆ ಆರಿಸ್ಕೋಬೇಕು.”

“ಸರಿ ಬುಡಿ ಮೇಡಂ, ಬೈಬೇಡಿ,” ಎಂದು ಹನ್ನೊಂದನೆಯ ಹೆಸರು ಬರೆದುಕೊಂಡರು. ಕಂದಿಕೆರೆಯವನದು.

ಇದಾದ ಮೇಲಿನ ಕೊಬ್ಬರಿ ಹರಾಜಿನ ದಿನ ದೊಡ್ಡಪ್ಪ ಬಂದರು. ಹರಾಜು ಮುಗಿಸಿಕೊಂಡು ಮಾರ್ಕೆಟ್ಟಿನಿಂದ ನೇರ ಕಾಲೇಜಿಗೇ ಬಂದಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವಲ್, ಹಣೆಯಲ್ಲಿ ವಿಭೂತಿ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೇ ಕೇಳಿದರು.

“ಯಾರ್ರೀ ಮೇಡಮ್ಮು, ನಮ್ಮುಡುಗುಂದು ಮೂವತ್ತು ರನ್ ಕಿತ್ತಾಕಿರೋದು?”

ಕನ್ನಡ ಅಧ್ಯಾಪಕರು ಮೆಲ್ಲಗೆ ಎದ್ದು ಹೊರಗೆ ಹೋದರು. ನಾನು ಕುರ್ಚಿ ತೋರಿಸಿದೆ. ಅವರು ಕೂರಲಿಲ್ಲ. ಕಾಲೇಜಿನಲ್ಲಿ ಬೋರ್ಡ್ ಮೇಲೆ ಬರೆದು ಹುಡುಗನ ಮಾನ ತೆಗೆದರಂತೆ ಎಂದು ಯಾರೋ ಮಾರ್ಕೆಟ್ಟಿನಲ್ಲಿ ಹೇಳಿದ್ದರು. ಅರ್ಧ ಸುದ್ದಿ ಯಾವಾಗಲೂ ಬೇಗ ಓಡುತ್ತದೆ.

“ಯಜಮಾನ್ರೇ, ಮೂವತ್ತು ಹೋಗಿದ್ದಕ್ಕೇ ಅವನು ಸೆಲೆಕ್ಟ್ ಆಗಿದ್ದು,” ಎಂದೆ. “ತೊಂಬತ್ತೆರಡು ಅಂತ ಇದ್ದಿದ್ರೆ ಮನೇಲಿರ್ತಿದ್ದ.”

“ಅಂಗಂದ್ರೆ ಜಾಸ್ತಿ ಹೊಡುದ್ರೆ ತೆಗೀತೀರಾ? ಇದ್ಯಾವ ಲೆಕ್ಕ ಕಣ್ರೀ?”

ವರ್ಗ, ವರ್ಗಮೂಲ ಹೇಳಿ ಪ್ರಯೋಜನವಿರಲಿಲ್ಲ. ನಿಮ್ಮ ತೋಟದಲ್ಲಿ ಎರಡು ಮರ ಇದೆ ಅಂದುಕೊಳ್ಳಿ ಎಂದೆ. ಒಂದು ಮರ ಒಂದು ಕೊಯ್ಲಿಗೆ ಬಾಚಿ ಕೊಡುತ್ತದೆ, ಇನ್ನೊಂದು ಕೊಯ್ಲಿಗೆ ಕಣ್ಣೊರೆಸುವಷ್ಟು ಕೊಡುತ್ತದೆ. ಎರಡನೇ ಮರ ಬಾಚಿ ಕೊಡುವುದಿಲ್ಲ, ಆದರೆ ಹೋದಾಗಲೆಲ್ಲ ಸುಮಾರಾಗಿ ಅಷ್ಟೇ ಕಾಯಿ ಸಿಗುತ್ತದೆ. ಪಿ.ಡಿ. ಸರ್ ಎರಡನೇ ಮರ ಬೇಕು ಅಂದರು.

“ಅದುನ್ನ ಮೊದ್ಲೇ ಹೇಳ್ಬಾರ್ದಾ,” ಎಂದು ದೊಡ್ಡಪ್ಪ ಕುರ್ಚಿಯಲ್ಲಿ ಕೂತರು. ಟವಲಿನಿಂದ ಮುಖ ಒರೆಸಿಕೊಂಡರು. “ಹೋಗ್ತಾನಾ ತುಮಕೂರ್ಗೆ? ನೀರು ಹೊರಾಕಲ್ಲ ತಾನೆ?”

“ಆಡೋಕೆ,” ಎಂದು, ಕ್ಲಾಸಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ.

ಅಷ್ಟರಲ್ಲಿ ಯಾರೋ ಹೋಗಿ ಹೇಳಿದ್ದರಿಂದ ಹುಡುಗ ಓಡಿ ಬಂದು ಬಾಗಿಲಲ್ಲಿ ನಿಂತ. ಏದುಸಿರು ಬಿಡುತ್ತಿದ್ದ. ದೊಡ್ಡಪ್ಪ ಅವನ ಕಡೆ ನೋಡಲಿಲ್ಲ, ನನ್ನ ಮೇಜಿನ ಮೇಲಿದ್ದ ಉತ್ತರ ಪತ್ರಿಕೆಗಳನ್ನು ನೋಡುತ್ತಾ ಕೇಳಿದರು.

“ಸೀಟು ಹೋಗೋ ಅಂಗಿದ್ರೂ ಸುಮ್ನಿದ್ನಂತೆ. ನಂಗ್ಯಾಕೆ ಹೇಳ್ಲಿಲ್ಲ ಅಂತ ಕೇಳಿ ಮೇಡಮ್ಮೋರೇ ಅವನ್ನ.”

ನಾನು ಕೇಳಬೇಕಾಗಲಿಲ್ಲ. “ನೀನು ಎಲ್ಲಾರ್ನೂ ಕರ್ಕೊಂಬಂದು ಫ್ಲೆಕ್ಸ್ ತೋರಿಸ್ತಿದ್ದೆ ದೊಡ್ಡಪ್ಪಾ,” ಎಂದ ಹುಡುಗ. “ನೀನು ಯಾವತ್ತೂ ಯಾವುದುಕ್ಕೂ ಅಷ್ಟು ಕುಸಿಯಾಗಿದ್ದಿಲ್ಲ. ಮೂವತ್ತು ಕಮ್ಮಿ ಅಂತ ಹೆಂಗೇಳ್ಲಿ?”

ದೊಡ್ಡಪ್ಪ ಎದ್ದರು. ಟವಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಬಾಗಿಲ ತನಕ ಹೋಗಿ, ಹುಡುಗನ ಎದುರು ನಿಂತರು. ಹೊಡೆಯುತ್ತಾರೇನೋ ಎಂದು ನಾನೂ ಎದ್ದೆ.

“ಲೇ, ಮಂಗನ್ ತಂದು,” ಎಂದರು, “ಅರವತ್ತೆರಡಾಗಿದ್ರೂ ಹಾಕ್ಸ್ತಿದ್ದೆ ಕಣ್ಲಾ.”

ಹುಡುಗ ಮುಖ ಆ ಕಡೆ ತಿರುಗಿಸಿಕೊಂಡ. ನಾನು ಉತ್ತರ ಪತ್ರಿಕೆಗಳನ್ನು ಸರಿಮಾಡತೊಡಗಿದೆ, ಅವು ಸರಿಯಾಗಿಯೇ ಇದ್ದವು. ಆಮೇಲೆ ಇಬ್ಬರೂ ಮೆಟ್ಟಿಲಿಳಿದು ಹೋಗುವುದು ಕೇಳಿಸಿತು. ದೊಡ್ಡಪ್ಪ ಫ್ಲೆಕ್ಸಿನವನಿಗೆ ಫೋನು ಮಾಡಿ, ಒಂಬತ್ತನ್ನು ಆರು ಮಾಡಲಿಕ್ಕೆ ಪೂರ್ತಿ ಹೊಸದೇ ಹಾಕಿಸಬೇಕಾ, ಇಲ್ಲ ಅಷ್ಟಕ್ಕೇ ಒಂದು ಸ್ಟಿಕ್ಕರ್ ಅಂಟಿಸಿದರೆ ಆಗುತ್ತದಾ ಎಂದು ಜೋರಾಗಿ ವಿಚಾರಿಸುತ್ತಿದ್ದರು.